ಹದಿನಾಲ್ಕು ಗುಳಿ, ಎಪ್ಪತ್ತು ಬೀಜ, ಒಂದು ವೈಲ್ ಲೂಪ್

ನಾನು ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಮ್. ಕನ್ನಡದಲ್ಲಿ ಇಷ್ಟು ಉದ್ದ ಬರೆಯೋದು ಇದೇ ಮೊದಲು, ತಪ್ಪಿದ್ದರೆ ಹೊಟ್ಟೆಗೆ ಹಾಕ್ಕೊಳ್ಳಿ.

ನಮ್ಮೂರು ತಾಳಿಕೋಟೆ. ಹೆಸರು ಹೇಳಿದ ತಕ್ಷಣ ಎಲ್ಲರೂ "ಓ, 1565ರ ಯುದ್ಧ!" ಅಂತಾರೆ, ಅಲ್ಲಿಗೆ ಮಾತು ಮುಗಿಯುತ್ತೆ. ಈ ಲೇಖನ ಯುದ್ಧದ ಬಗ್ಗೆ ಅಲ್ಲ. ಸೆಮಿಸ್ಟರ್ ರಜೆಗೆ ಊರಿಗೆ ಹೋದಾಗ ನಮ್ಮ ಮನೆಯ ಪಡಸಾಲೆಯಲ್ಲಿ ನಡೆದ ಒಂದು ಆಟದ ಬಗ್ಗೆ.

ಕಾಕಾನ ಮಗಳು ಒಂಬತ್ತನೇ ಕ್ಲಾಸ್. "ಅಣ್ಣಾ, ನನಗ ಗಣಿತ ಬರಂಗಿಲ್ಲ, ಪಾಸಾದ್ರ ಸಾಕು" ಅನ್ನೋದು ಅವಳ ಖಾಯಂ ಡೈಲಾಗ್. ಕಾಕಾ ನನಗೆ "ನೀ ಇಂಜಿನಿಯರಿಂಗ್ ಓದಾಕತ್ತಿ, ಸ್ವಲ್ಪ ಹೇಳಿಕೊಡು" ಅಂದ್ರು. ಮೊಬೈಲಲ್ಲಿ ಕೋಡಿಂಗ್ ಕಲಿಸೋ ಒಂದು ಆಪ್ ಹಾಕಿಕೊಟ್ಟೆ. ಎರಡೇ ದಿನಕ್ಕೆ ಮುಚ್ಚಿಟ್ಟಳು. "ಇದೂ ಹೋಂವರ್ಕೇ, ಬಣ್ಣ ಹಚ್ಯಾರ ಅಷ್ಟ" ಅಂದಳು. ಅವಳ ಮಾತು ಸುಳ್ಳಲ್ಲ. ಅದರಲ್ಲಿ ಲೆಕ್ಕ ಮಾಡಿದರೆ ಸ್ಟಾರ್ ಸಿಗುತ್ತೆ, ಆದರೆ ಲೆಕ್ಕಕ್ಕೂ ಆಟಕ್ಕೂ ಸಂಬಂಧ ಇರಲ್ಲ.

ನನ್ನ ಕಥೆನೂ ಹೇಳಿಬಿಡ್ತೀನಿ. ಮೊದಲ ವರ್ಷದ ಸಿ ಪ್ರೋಗ್ರಾಮಿಂಗ್ ಇಂಟರ್ನಲ್ಸಲ್ಲಿ "ಈ ಕೋಡಿನ ಔಟ್‌ಪುಟ್ ಏನು?" ಅನ್ನೋ ಪ್ರಶ್ನೆಗಳಲ್ಲೇ ನಾನು ಮಾರ್ಕ್ಸ್ ಕಳ್ಕೊಂಡಿದ್ದು. ಕೋಡ್ ಬರೀತಿದ್ದೆ, ಆದರೆ ಬರೆದ ಕೋಡನ್ನು ಒಂದೊಂದೇ ಹೆಜ್ಜೆ ತಲೆಯಲ್ಲಿ ಓಡಿಸೋಕೆ ಬರ್ತಿರಲಿಲ್ಲ. ಲೂಪ್ ಮೂರನೇ ಸುತ್ತಿಗೆ ಬರೋಷ್ಟರಲ್ಲಿ ಯಾವ ವೇರಿಯಬಲ್ ಎಷ್ಟಿತ್ತು ಅನ್ನೋದೇ ಮರೆತು ಹೋಗ್ತಿತ್ತು. ಅದನ್ನು ನನಗೂ ತಂಗಿಗೂ ಒಟ್ಟಿಗೆ ಕಲಿಸಿದವರು ನಮ್ಮ ಆಯಿ, ಅಂದ್ರೆ ಅಜ್ಜಿ. ಪಾಠ ಅಂತ ಅವರು ಹೇಳಲೇ ಇಲ್ಲ, ಹುಣಸಿ ಬೀಜ ತಂದು ಸುರುವಿ ಕೂತರು.

ಆಟದ ನಿಯಮ

ಆಟ ಅಳಗುಳಿ ಮಣೆ. ಕರಾವಳಿಯಲ್ಲಿ ಚೆನ್ನೆಮಣೆ, ತಮಿಳುನಾಡಿನಲ್ಲಿ ಪಲ್ಲಾಂಗುಳಿ. ಹಂಪಿಯಲ್ಲಿ ಕಲ್ಲಿನ ಮೇಲೆ ಇಂಥ ಆಟದ ಗುಳಿಗಳನ್ನು ಕೆತ್ತಿರೋದನ್ನು ಪ್ರವಾಸ ಹೋದವರು ನೋಡಿರಬಹುದು. ಆಫ್ರಿಕಾದಲ್ಲೂ ಇದೇ ಕುಟುಂಬದ ಆಟಗಳು ನೂರಾರಿವೆ, ಅವಕ್ಕೆಲ್ಲ ಸೇರಿ ಮಂಕಾಲಾ ಅಂತ ಹೆಸರು.

ನಮ್ಮನೇಲಿ ಮರದ ಮಣೆ ಇಲ್ಲ. ಫರಸಿ ಮೇಲೆ ಸೀಮೆಸುಣ್ಣದಿಂದ ಎರಡು ಸಾಲು, ಸಾಲಿಗೆ 7 ವೃತ್ತ ಬರೆದೆವು. ಒಟ್ಟು 14 ಗುಳಿ. ಪ್ರತಿ ಗುಳಿಗೆ 5 ಹುಣಸಿ ಬೀಜ, ಒಟ್ಟು 70. ಹತ್ತಿರದ ಸಾಲು ನಿಮ್ಮದು, ಆಚೆ ಸಾಲು ಎದುರಾಳಿಯದು.

ಆಡೋ ರೀತಿ ಹೀಗೆ. ನಿಮ್ಮ ಸಾಲಿನ ಯಾವುದಾದರೂ ಒಂದು ಗುಳಿಯ ಬೀಜ ಪೂರ್ತಿ ಎತ್ತಬೇಕು. ಬಲಗಡೆಯಿಂದ ಸುತ್ತುತ್ತಾ ಮುಂದಿನ ಗುಳಿಗಳಿಗೆ ಒಂದೊಂದೇ ಬೀಜ ಬಿತ್ತುತ್ತಾ ಹೋಗಬೇಕು. ಕೈಯಲ್ಲಿನ ಬೀಜ ಖಾಲಿಯಾದ ಮೇಲೆ ಅದರ ಮುಂದಿನ ಗುಳಿ ನೋಡಬೇಕು. ಅಲ್ಲಿ ಬೀಜ ಇದ್ದರೆ ಅದನ್ನೆಲ್ಲ ಎತ್ತಿ ಮತ್ತೆ ಬಿತ್ತಬೇಕು. ಅದು ಖಾಲಿ ಇದ್ದರೆ ನಿಮ್ಮ ಸರದಿ ಮುಗೀತು, ಆ ಖಾಲಿ ಗುಳಿಯ ಆಚೆಗಿರೋ ಗುಳಿಯಲ್ಲಿ ಎಷ್ಟಿದೆಯೋ ಅಷ್ಟೂ ನಿಮ್ಮ ಗೆಲುವು. ಅಲ್ಲೂ ಖಾಲಿ ಇದ್ದರೆ ಏನೂ ಸಿಗಲ್ಲ.

ಊರೂರಿಗೆ ನಿಯಮ ಬದಲಾಗುತ್ತೆ. ಕೆಲವು ಕಡೆ ಎದುರಿನ ಗುಳಿಯದ್ದನ್ನೂ ಸೇರಿಸಿ ತಗೋತಾರೆ, ಕೆಲವು ಕಡೆ ಗುಳಿಯಲ್ಲಿ ನಾಲ್ಕು ಬೀಜ ಆದ ಕೂಡಲೇ ಎತ್ತಿಕೊಳ್ತಾರೆ. ಈ ಲೇಖನದಲ್ಲಿ ಮೇಲೆ ಹೇಳಿದ ಸರಳ ನಿಯಮ ಮಾತ್ರ. ಲೆಕ್ಕ ತಾಳೆ ನೋಡ್ತೀರಿ ಅಂದ್ರೆ ಅದನ್ನೇ ಇಟ್ಕೊಳ್ಳಿ.

ಒಂದೇ ಒಂದು ಬದಲಾವಣೆ ನಾನು ಮಾಡಿದೆ. ಪ್ರತಿ ವೃತ್ತದ ಪಕ್ಕ ಒಂದು ನಂಬರ್ ಬರೆದೆ. ತಂಗಿಯ ಸಾಲು ಎಡದಿಂದ ಬಲಕ್ಕೆ 0ರಿಂದ 6, ಆಯಿಯ ಸಾಲು ಬಲದಿಂದ ಎಡಕ್ಕೆ 7ರಿಂದ 13. "ಸೊನ್ನೆಯಿಂದ ಯಾಕ? ಒಂದರಿಂದ ಸುರು ಮಾಡಬೇಕಲ್ಲ" ಅಂತ ತಂಗಿ ಜಗಳ ತೆಗೆದಳು. "ಆಮೇಲೆ ಗೊತ್ತಾಗುತ್ತೆ" ಅಂದೆ.

ಮೊದಲ ಆಟ

ತಂಗಿ 0ನೇ ಗುಳಿಯಿಂದ ಶುರು ಮಾಡಿದಳು. ನೀವೂ ಬೀಜ ಇಟ್ಕೊಂಡು ಜೊತೆಗೆ ಆಡಿದರೆ ಚೆನ್ನಾಗಿ ತಿಳಿಯುತ್ತೆ.

0ರ 5 ಬೀಜ 1ರಿಂದ 5ರವರೆಗೆ ಬಿದ್ದವು. ಆ ಐದು ಗುಳಿಯಲ್ಲಿ ಈಗ ತಲಾ 6. ಮುಂದಿನದು 6ನೇ ಗುಳಿ, ಅದರಲ್ಲಿ 5 ಇದೆ. ಎತ್ತಿ 7ರಿಂದ 11ಕ್ಕೆ ಬಿತ್ತಿದಳು. ಮುಂದೆ 12, ಅಲ್ಲೂ 5. ಅವು 13, 0, 1, 2, 3ಕ್ಕೆ ಬಿದ್ದವು. ಮುಂದೆ 4, ಅಲ್ಲಿ ಈಗಾಗಲೇ 6 ಆಗಿದೆ. ಅವು 5ರಿಂದ 10ಕ್ಕೆ. ಮುಂದೆ 11, ಅಲ್ಲೂ 6. ಅವು 12, 13, 0, 1, 2, 3ಕ್ಕೆ. ಮುಂದಿನದು 4, ಅದನ್ನು ಆಗಲೇ ಎತ್ತಿಯಾಗಿದೆ, ಖಾಲಿ. ಅದರಾಚೆ 5ರಲ್ಲಿ 7 ಬೀಜ. ತಂಗಿಗೆ ಗೆಲುವು 7. ಐದು ಸಲ ಎತ್ತಿದ್ದಾಳೆ, ಮಣೆ ಹೀಗಾಯ್ತು:

```
ಗುಳಿ   13  12  11  10   9   8   7
ಬೀಜ    7   1   0   7   7   7   7

ಬೀಜ    2   8   8   8   0   0   1
ಗುಳಿ    0   1   2   3   4   5   6
```

ಇಲ್ಲಿ ಆಯಿ ಒಂದು ಅಭ್ಯಾಸ ಹೇಳಿಕೊಟ್ಟರು. ಜಗಳ ಬಂದರೆ ಮಣೆ ಮೇಲಿನ ಬೀಜ ಎಣಿಸಿ, ಗೆದ್ದದ್ದನ್ನು ಕೂಡಿಸಿ, 70 ಬರಲೇಬೇಕು. ಮಣೆ ಮೇಲೆ 63, ಗೆದ್ದದ್ದು 7. ಸರಿಯಾಯ್ತು. 69 ಬಂದರೆ ಎಲ್ಲೋ ಒಂದು ಬೀಜ ಉರುಳಿದೆ ಅಥವಾ ಯಾರೋ ಕೈಚಳಕ ತೋರಿಸ್ಯಾರೆ. ಆಟ ಎಷ್ಟೇ ಬದಲಾದರೂ ಬದಲಾಗದ ಸಂಖ್ಯೆ ಇದು. ನಮ್ಮ ಸಿಲಬಸ್ಸಿನಲ್ಲಿ ಇದಕ್ಕೆ ಇನ್‌ವೇರಿಯಂಟ್ ಅಂತಾರೆ. ನಾನು ಆ ಪದ ಹೇಳಲಿಲ್ಲ, ಆಯಿಗೆ ಬೇಕಾಗಿಯೂ ಇರಲಿಲ್ಲ. ಮುಂದೆ ಇದೇ ಸಂಖ್ಯೆ ನನ್ನ ಮಾನ ಕಳೀತು, ಹೇಳ್ತೀನಿ.

ಆಯಿ ಒಂದೇ ಬೀಜ ಎತ್ತಿದರು

ಈಗ ಆಯಿಯ ಸರದಿ. ಅವರ ಸಾಲಲ್ಲಿ ಐದು ಗುಳಿಯಲ್ಲಿ ತಲಾ 7, 12ರಲ್ಲಿ ಬರೀ 1. ನಾನಾಗಿದ್ದರೆ 7 ಇರೋದನ್ನೇ ಎತ್ತುತ್ತಿದ್ದೆ. ಆಯಿ ಒಂದು ಕ್ಷಣ ಕಣ್ಣಲ್ಲೇ ಸುತ್ತು ಹಾಕಿ 12ರ ಒಂದು ಬೀಜ ಎತ್ತಿದರು.

ಅದು 13ಕ್ಕೆ ಬಿತ್ತು, ಅಲ್ಲಿ 8 ಆಯ್ತು. ಮುಂದೆ 0, ಅಲ್ಲಿ 2. ಅವು 1 ಮತ್ತು 2ಕ್ಕೆ. ಮುಂದೆ 3, ಅಲ್ಲಿ 8. ಅವು 4ರಿಂದ 11ರವರೆಗೆ. ಮುಂದೆ 12, ತಾವೇ ಖಾಲಿ ಮಾಡಿದ ಗುಳಿ. ಅದರಾಚೆ 13ರಲ್ಲಿ 8 ಬೀಜ. "ನಂದು" ಅಂತ ಸೆರಗಿಗೆ ಹಾಕ್ಕೊಂಡರು.

ತಂಗಿ ಸಿಟ್ಟಿಗೆದ್ದು ತನ್ನ ಸಾಲಲ್ಲಿ ತುಂಬಿದ್ದ 2ನೇ ಗುಳಿ ಎತ್ತಿದಳು, 9 ಬೀಜ. 3ರಿಂದ 11ರವರೆಗೆ ಬಿತ್ತಿದಳು. ಮುಂದೆ 12 ಖಾಲಿ. ಅದರಾಚೆ 13, ಆಯಿ ಆಗಷ್ಟೇ ಎತ್ಕೊಂಡ ಗುಳಿ, ಅದೂ ಖಾಲಿ. ಸಿಕ್ಕಿದ್ದು ಸೊನ್ನೆ.

"ತುಂಬಿದ್ದು ನೋಡಿ ಎತ್ತಬ್ಯಾಡವ್ವ, ಎಲ್ಲಿ ಮುಗೀತದ ನೋಡಿ ಎತ್ತು" ಅಂದರು ಆಯಿ.

ಅಲ್ಲಿಂದ ತಂಗಿಯ ಆಟವೇ ಬದಲಾಯ್ತು. ಬೀಜ ಮುಟ್ಟೋ ಮೊದಲು ಬೆರಳಲ್ಲಿ ಗಾಳಿಯಲ್ಲೇ ಸುತ್ತು ಹಾಕೋಕೆ ಶುರು ಮಾಡಿದಳು. ನಾನು ಇಂಟರ್ನಲ್ಸಲ್ಲಿ ಮಾಡೋಕಾಗದೇ ಇದ್ದದ್ದು ಇದೇ. ಅವಳ ತಲೆಯಲ್ಲಿ ಕೈಯಲ್ಲೆಷ್ಟಿದೆ, ಯಾವ ಗುಳಿಯಲ್ಲಿದ್ದೀನಿ, ಯಾವುದು ಖಾಲಿಯಾಗಿದೆ ಅನ್ನೋ ಮೂರೂ ಓಡ್ತಿತ್ತು. ತಪ್ಪಾದರೆ ಕೆಂಪು ಪೆನ್ನಿನ ಗುರುತು ಬೀಳಲ್ಲ, ಬೀಜ ಹೋಗುತ್ತೆ. ಅವಳಿಗೆ ಅದು ಹೆಚ್ಚು ನೋವು.

ಫರಸಿಯಿಂದ ಲ್ಯಾಪ್‌ಟಾಪಿಗೆ

ಮೂರ್ನಾಲ್ಕು ದಿನ ಆಡಿದ ಮೇಲೆ ಅವಳೇ ಕೇಳಿದಳು. "ಅಣ್ಣಾ, ಎಲ್ಲಾ ಗುಳಿಗೂ ಎಷ್ಟೆಷ್ಟು ಸಿಗತದ ಅಂತ ಲ್ಯಾಪ್‌ಟಾಪ್ ಹೇಳತದೇನು?" ಈ ಪ್ರಶ್ನೆಗೇ ನಾನು ಕಾಯ್ತಿದ್ದೆ. ನಿಯಮವನ್ನು ಅವಳು ಬಾಯಲ್ಲಿ ಹೇಳುತ್ತಾ ಹೋದಳು, ನಾನು ಅದೇ ಸಾಲುಗಳನ್ನು ಪೈಥಾನ್‌ನಲ್ಲಿ ಬರೆದೆ.

```python
def aata(mane, i):
    while True:
        kai = mane[i]
        mane[i] = 0
        while kai > 0:
            i = (i + 1) % 14
            mane[i] += 1
            kai -= 1
        i = (i + 1) % 14
        if mane[i] == 0:
            j = (i + 1) % 14
            gelavu = mane[j]
            mane[j] = 0
            return gelavu
```

ಇದನ್ನು ಆಟದ ಭಾಷೆಯಲ್ಲೇ ಓದಿ. `kai` ಅಂದ್ರೆ ಕೈಯಲ್ಲಿರೋ ಬೀಜ. ಗುಳಿಯಿಂದ ಎತ್ತಿದೆ, ಗುಳಿ ಖಾಲಿ ಮಾಡಿದೆ. ಒಳಗಿನ ಲೂಪ್ ಅಂದ್ರೆ ಬಿತ್ತೋದು: ಕೈಯಲ್ಲಿ ಬೀಜ ಇರೋವರೆಗೆ ಒಂದು ಗುಳಿ ಮುಂದೆ ಹೋಗು, ಒಂದು ಹಾಕು. ಹೊರಗಿನ ಲೂಪ್ ಅಂದ್ರೆ ಮತ್ತೆ ಮತ್ತೆ ಎತ್ತೋದು. `if` ಅಂದ್ರೆ ಖಾಲಿ ಗುಳಿ ಸಿಕ್ಕಿತಾ ಅನ್ನೋ ಪರೀಕ್ಷೆ. ಲೂಪ್ ಒಳಗೆ ಲೂಪ್ ಯಾಕೆ ಬೇಕು ಅಂತ ಅವಳಿಗೆ ವಿವರಿಸೋ ಪ್ರಸಂಗವೇ ಬರಲಿಲ್ಲ, ಅಷ್ಟೊತ್ತಿಗೆ ನೂರು ಸಲ ಕೈಯಾರೆ ಮಾಡಿದ್ದಳು.

ಸೊನ್ನೆಯಿಂದ ಯಾಕೆ ಎಣಿಸಿದೆವು ಅನ್ನೋದಕ್ಕೂ ಇಲ್ಲಿ ಉತ್ತರ ಸಿಕ್ತು. 13ರ ಮುಂದಿನ ಗುಳಿ 14 ಅಲ್ಲ, 0. 14ನ್ನು 14ರಿಂದ ಭಾಗಿಸಿದರೆ ಶೇಷ 0. ಆ `%` ಚಿಹ್ನೆ ಮಾಡೋದು ಇಷ್ಟೇ, ಶೇಷ ಕೊಡೋದು. ಒಂದರಿಂದ 14ರವರೆಗೆ ನಂಬರ್ ಹಾಕಿದ್ದರೆ 13ರ ಮುಂದೆ ಹೋದಾಗ 0 ಬರ್ತಿತ್ತು, ಆದರೆ 0 ಅನ್ನೋ ಗುಳಿಯೇ ಇರ್ತಿರಲಿಲ್ಲ. "ಐದನೇ ಕ್ಲಾಸಿಂದ ಶೇಷ ಶೇಷ ಅಂತಿದ್ರು, ಇದಕ್ಕ ಬೇಕೇನು ಅದು?" ಅಂದಳು ತಂಗಿ.

ನನ್ನ ತಪ್ಪು, ಅವಳ ಪತ್ತೆ

ಮೊದಲ ಆಟದಲ್ಲಿ ಆಯಿ 12 ಎತ್ತಿದ್ದು ಸರೀನಾ ಅಂತ ನೋಡೋಕೆ ಆ ಮಣೆಯನ್ನೇ ಲಿಸ್ಟ್ ಆಗಿ ಬರೆದು, ಆಯಿಯ ಸಾಲಿನ ಪ್ರತಿ ಗುಳಿಗೂ ಓಡಿಸಿದೆ.

```python
mane = [2,8,8,8,0,0,1,7,7,7,7,0,1,7]
for i in range(7, 14):
    if mane[i] > 0:
        print(i, aata(mane, i))
```

ಉತ್ತರಗಳು ಬಂದವು. 7ಕ್ಕೆ 3, 8ಕ್ಕೆ 0, 9ಕ್ಕೆ 1, ಹೀಗೆ. ನಾನು ಖುಷಿಯಿಂದ ಮುಂದಿನ ಮಾತು ಆಡ್ತಿದ್ದೆ. ತಂಗಿ ಸುಮ್ಮನೆ ಫರಸಿ ಮೇಲೆ ಅದೇ ಮಣೆ ಜೋಡಿಸಿ 8ನೇ ಗುಳಿ ಆಡಿ ನೋಡಿದಳು. ಏಳು ಸಲ ಎತ್ತಿದ ಮೇಲೆ 10ನೇ ಗುಳಿ ಖಾಲಿ ಸಿಕ್ತು, 11ರಲ್ಲಿ 1 ಬೀಜ. "ನಿನ್ನ ಲ್ಯಾಪ್‌ಟಾಪ್ ತಪ್ಪ ಹೇಳಾಕತ್ತದ. ಒಂದು ಸಿಗತದ, ಸೊನ್ನೆ ಅಲ್ಲ."

ನೀನೇ ಬಿತ್ತೋವಾಗ ತಪ್ಪಿರಬೇಕು ಅಂದೆ. ಅವಳು ಎರಡನೇ ಸಲ ಆಡಿದಳು, ಮತ್ತೆ 1. ಆಮೇಲೆ ಆಯಿಯ ಮಂತ್ರ ಪ್ರಯೋಗಿಸಿದಳು: "ಬೀಜ ಎಣಿಸು." ಪ್ರತಿ ಗುಳಿ ಓಡಿಸೋ ಮೊದಲು `print(sum(mane))` ಅಂತ ಒಂದು ಸಾಲು ಹಾಕಿದೆ. 7ನೇ ಗುಳಿಗೆ ಮೊದಲು 63. 8ನೇ ಗುಳಿಗೆ ಮೊದಲು 60!

ಮೂರು ಬೀಜ ಎಲ್ಲಿ ಹೋದವು? 7ನೇ ಗುಳಿ ಆಡಿದಾಗ ಗೆದ್ದ ಮೂರು ಅವು. ಅಂದ್ರೆ 8ನ್ನು ಪರೀಕ್ಷಿಸುವಾಗ ಮಣೆ ಮೊದಲಿನ ಸ್ಥಿತಿಯಲ್ಲಿ ಇರಲೇ ಇಲ್ಲ, 7 ಆಡಿ ಮುಗಿದ ಮೇಲಿನ ಮಣೆ ಅದು. ಪೈಥಾನ್‌ನಲ್ಲಿ ಲಿಸ್ಟನ್ನು ಫಂಕ್ಷನ್‌ಗೆ ಕೊಟ್ಟರೆ ನಕಲು ಹೋಗಲ್ಲ, ಅದೇ ಲಿಸ್ಟ್ ಹೋಗುತ್ತೆ. ಫಂಕ್ಷನ್ ಒಳಗೆ ಬಿತ್ತಿದ್ದೆಲ್ಲ ಹೊರಗಿನ ಮಣೆಯ ಮೇಲೇ ಬಿತ್ತಿದ ಹಾಗೆ. ಫರಸಿ ಮೇಲೆ ಹೇಳೋದಾದ್ರೆ, "ಹಿಂಗ ಆಡಿದ್ರ ಏನಾಗತದ ನೋಡೋಣ" ಅಂತ ನಿಜವಾದ ಬೀಜ ಆಡಿ, ವಾಪಸ್ ಜೋಡಿಸದೇ ಮುಂದಿನದನ್ನು ನೋಡಿದ ಹಾಗೆ. ಪರಿಹಾರ ಎರಡು ಬ್ರಾಕೆಟ್ ಮತ್ತು ಒಂದು ಕೋಲನ್:

```python
print(i, aata(mane[:], i))
```

`mane[:]` ಅಂದ್ರೆ ಮಣೆಯ ನಕಲು ಮಾಡಿಕೊಂಡು ಅದರ ಮೇಲೆ ಆಡು. ಸೆಕೆಂಡ್ ಇಯರಲ್ಲಿ ಎಷ್ಟೋ ಜನ ಈ ಬಗ್ಗಿಗೆ ಬಿದ್ದಿರ್ತೀವಿ. ಎರರ್ ಮೆಸೇಜ್ ಬರಲ್ಲ, ಮೊದಲ ಉತ್ತರ ಸರಿಯಾಗೇ ಇರುತ್ತೆ, ಉಳಿದವೂ ನಂಬೋ ಹಾಗೇ ಇರುತ್ತವೆ. ಕೈಯಲ್ಲಿ ಆಡಿ ನೋಡೋಕೆ ಬರ್ತಿದ್ದರೆ, ಇಲ್ಲಾ ಬೀಜ ಎಣಿಸೋ ಅಭ್ಯಾಸ ಇದ್ದರೆ ಮಾತ್ರ ಸಿಕ್ಕಿಬೀಳುತ್ತೆ. ಗಣಿತ ಬರಂಗಿಲ್ಲ ಅನ್ನೋಳಿಗೆ ಎರಡೂ ಬರ್ತಿತ್ತು.

ಸರಿಪಡಿಸಿದ ಮೇಲೆ ಬಂದ ಲೆಕ್ಕ:

```
7 3
8 1
9 3
10 0
12 8
13 10
```

11 ಖಾಲಿ ಇದ್ದದ್ದರಿಂದ ಪಟ್ಟಿಯಲ್ಲಿಲ್ಲ. ತಲಾ ಏಳು ಬೀಜ ಇದ್ದ ಐದು ಗುಳಿಗಳಲ್ಲಿ ಒಂದು ಹತ್ತು ಕೊಡುತ್ತೆ, ಇನ್ನೊಂದು ಏನೂ ಕೊಡಲ್ಲ. ಒಂದೇ ಬೀಜ ಇದ್ದ ಗುಳಿ ಎಂಟು ಕೊಡುತ್ತೆ.

ಆಯಿಯ ತಿರುಗು ಪ್ರಶ್ನೆ

ತಂಗಿ ಪಟ್ಟಿ ಹಿಡ್ಕೊಂಡು ಓಡಿದಳು. "ಆಯಿ, ನೀ 13 ಎತ್ತಿದ್ರ ಹತ್ತು ಸಿಗತಿತ್ತು. ಎರಡು ಕಳಕೊಂಡಿ!"

ಆಯಿ ರೊಟ್ಟಿ ಬಡಿಯೋದು ನಿಲ್ಲಿಸಲಿಲ್ಲ. "ಹತ್ತು ತಗೊಂಡ ಮ್ಯಾಲ ನಿನಗ ಎಷ್ಟು ಸಿಗತಿತ್ತು, ಅದನ್ನ ಕೇಳಿದ್ಯಾ?"

ಕೇಳಿರಲಿಲ್ಲ. ನಮ್ಮ ಪ್ರೋಗ್ರಾಮ್ ಒಂದು ಹೆಜ್ಜೆ ಮಾತ್ರ ನೋಡುತ್ತೆ. ಇವತ್ತಿನ ಲಾಭ ಎಣಿಸುತ್ತೆ, ನಾಳೆ ಎದುರಾಳಿ ಏನು ಮಾಡ್ತಾನೆ ಅನ್ನೋದು ಅದಕ್ಕೆ ಗೊತ್ತಿಲ್ಲ. ಹಾಗಾಗಿ ಎರಡೂ ದಾರಿಯಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದೆವು.

ಆಯಿ 12 ಎತ್ತಿ 8 ಗೆದ್ದ ಮೇಲೆ ತಂಗಿಯ ಸಾಲಲ್ಲಿ ಆಡೋಕೆ ಐದು ಗುಳಿ ಇದ್ದವು. ಅವು ಕೊಡೋದು ಹೀಗೆ: 1ಕ್ಕೆ 0, 2ಕ್ಕೆ 0, 4ಕ್ಕೆ 2, 5ಕ್ಕೆ 1, 6ಕ್ಕೆ 9. ಅಂದ್ರೆ ಅವತ್ತು ಸಿಟ್ಟಲ್ಲಿ 2 ಎತ್ತೋ ಬದಲು ಬರೀ ಎರಡು ಬೀಜ ಇದ್ದ 6 ಎತ್ತಿದ್ದರೆ 9 ಸಿಗ್ತಿತ್ತು! ಆಯಿ 13 ಎತ್ತಿ 10 ಗೆದ್ದಿದ್ದರೆ, ತಂಗಿಗೆ 0ಕ್ಕೆ 2, 3ಕ್ಕೆ 1, 4ಕ್ಕೆ 10, 5ಕ್ಕೆ 1, 6ಕ್ಕೆ 2.

ಎದುರಾಳಿ ಯಾವಾಗಲೂ ತನಗೆ ಒಳ್ಳೆಯದನ್ನೇ ಆರಿಸ್ತಾನೆ ಅಂತ ಇಟ್ಕೊಂಡು ಕಳೆದು ನೋಡಿ. 12ರ ದಾರಿಯಲ್ಲಿ 8 ಬಂದು 9 ಹೋಗುತ್ತೆ, ಉಳಿಕೆ −1. 13ರ ದಾರಿಯಲ್ಲಿ 10 ಬಂದು 10 ಹೋಗುತ್ತೆ, ಉಳಿಕೆ 0. ಆಯಿಯ ಪ್ರಶ್ನೆ ಸರಿಯಾಗಿತ್ತು, ಎರಡು ಬೀಜದ ವ್ಯತ್ಯಾಸ ಒಂದಕ್ಕಿಳೀತು. ಆದರೂ 13ೇ ಒಂದು ಬೀಜ ಮೇಲು. ಆಯಿಗೆ ಹೇಳಿದ್ವಿ. "ಒಂದು ಬೀಜಕ್ಕ ಇಷ್ಟು ಕರೆಂಟ್ ಸುಟ್ರಿ" ಅಂದರು.

ನನ್ನ ಲಾಭದಿಂದ ಎದುರಾಳಿಯ ಅತಿ ದೊಡ್ಡ ಲಾಭ ಕಳೆದು, ಉಳಿದದ್ದರಲ್ಲಿ ದೊಡ್ಡದನ್ನು ಆರಿಸೋದು. ಇದಕ್ಕೆ ಮಿನಿಮ್ಯಾಕ್ಸ್ ಅಂತ ಹೆಸರು, ಚೆಸ್ ಆಡೋ ಪ್ರೋಗ್ರಾಮ್‌ಗಳ ಹಿಂದೆ ಇದ್ದದ್ದೂ ಇದೇ ಯೋಚನೆ. ಇದನ್ನು ಕೊನೆಯವರೆಗೆ ಎಳೆದುಕೊಂಡು ಹೋದವರೂ ಇದ್ದಾರೆ. ಅವಾರಿ ಅನ್ನೋ ಮಂಕಾಲಾ ಆಟಕ್ಕೆ 12 ಗುಳಿ, 48 ಬೀಜ. 2002ರಲ್ಲಿ ಆಮ್‌ಸ್ಟರ್‌ಡಾಮ್‌ನ ರೋಮೈನ್ ಮತ್ತು ಬಾಲ್ ಎಂಬ ಇಬ್ಬರು ಸಂಶೋಧಕರು ಅದರ ಸುಮಾರು 88,900 ಕೋಟಿ ಸ್ಥಿತಿಗಳನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ, ಇಬ್ಬರೂ ತಪ್ಪಿಲ್ಲದೆ ಆಡಿದರೆ ಆಟ ಸಮ ಆಗುತ್ತೆ ಅಂತ ತೋರಿಸಿದರು.

ಆರು ಬೀಜದ ಗುಟ್ಟು

ಇನ್ನೊಂದು ವಿಷಯ ಆಕಸ್ಮಿಕವಾಗಿ ಸಿಕ್ತು. ಒಂದು ದಿನ ಬೀಜ ಜಾಸ್ತಿ ಇದ್ದವು ಅಂತ ಗುಳಿಗೆ 6 ಇಟ್ಟು ಶುರು ಮಾಡಿದೆವು. 0 ಎತ್ತಿ 1ರಿಂದ 6ಕ್ಕೆ ಬಿತ್ತಿದಳು. ಮುಂದಿನ 7 ಎತ್ತಿ 8ರಿಂದ 13ಕ್ಕೆ ಬಿತ್ತಿದಳು. ಮುಂದೆ 0, ಖಾಲಿ. 1ರಲ್ಲಿದ್ದ 7 ಬೀಜ ಗೆಲುವು. ಎರಡೇ ಸಲ ಎತ್ತೋದು, ಆಟ ಬಂದ್. 5 ಇಟ್ಟಾಗ ಐದು ಸಲ ಎತ್ತಬೇಕಾಗಿತ್ತು, ಇಲ್ಲಿ ಯಾಕೆ ಎರಡೇ?

ಇದಕ್ಕೆ ಪ್ರೋಗ್ರಾಮ್ ಬೇಡ, ಎಂಟನೇ ಕ್ಲಾಸ್ ಗಣಿತ ಸಾಕು. ಗುಳಿಗೆ 6 ಇದ್ದಾಗ ಒಂದು ಸಲ ಎತ್ತಿದ ಗುಳಿಯಿಂದ ಮುಂದೆ ಎತ್ತೋ ಗುಳಿಗೆ 7 ಹೆಜ್ಜೆ: 6 ಬಿತ್ತೋಕೆ, ಅದರ ಮುಂದಿನದಕ್ಕೆ ಹೋಗೋಕೆ 1. ಮಣೆಯ ಸುತ್ತಳತೆ 14. ಏಳೆರಡ್ಲಿ ಹದಿನಾಲ್ಕು, ಹಾಗಾಗಿ ಎರಡನೇ ಸಲಕ್ಕೇ ನಾವು ಖಾಲಿ ಮಾಡಿದ 0ಗೆ ಸರಿಯಾಗಿ ಬಂದು ನಿಲ್ತೀವಿ. ಗುಳಿಗೆ 5 ಇದ್ದರೆ ಹೆಜ್ಜೆ 6. ಅದು 14ನ್ನು ಭಾಗಿಸಲ್ಲ. 0, 6, 12 ಆದ ಮೇಲೆ 18, ಅಂದ್ರೆ ಶೇಷ 4. ಖಾಲಿ ಗುಳಿ ತಪ್ಪಿಹೋಗಿ ಬೀಜ ಇರೋ ಗುಳಿಗೇ ಬೀಳ್ತೀವಿ, ಆಟ ಮುಂದುವರಿಯುತ್ತೆ.

ಹಾಗಾದ್ರೆ ಒಂದೇ ಸುತ್ತಲ್ಲಿ ಮುಗಿಯೋ ಬೇರೆ ಸಂಖ್ಯೆ ಯಾವುವು? ಬೀಜಕ್ಕೆ ಒಂದು ಕೂಡಿಸಿದರೆ 14ರ ಅಪವರ್ತನ ಬರಬೇಕು. 14ರ ಅಪವರ್ತನಗಳು 1, 2, 7, 14. ಒಂದನ್ನು ಬಿಟ್ಟರೆ ಬೀಜ 1, 6, 13. ಗುಳಿಗೆ 1 ಇಟ್ಟರೆ ಏಳು ಸಲ ಎತ್ತಿ ಒಂದು ಸುತ್ತು, 13 ಇಟ್ಟರೆ ಒಂದೇ ಸಲ. ತಂಗಿ 13ಕ್ಕೆ ಬೀಜ ಸಾಲದೆ ಮನೆಯಲ್ಲಿದ್ದ ತೊಗರಿ ಕಾಳಿನಿಂದ ಮಾಡಿ ನೋಡಿದಳು. 182 ಕಾಳು. ಹೇಳಿದ ಹಾಗೇ ಆಯ್ತು. ಕಾಳು ವಾಪಸ್ ಆರಿಸಿ ಡಬ್ಬಿಗೆ ಹಾಕೋಕೆ ಬಿತ್ತಿದ್ದಕ್ಕಿಂತ ಜಾಸ್ತಿ ಹೊತ್ತು ಹಿಡೀತು.

ಶುರುವಿನ ಮಣೆಯಲ್ಲಿ ಎಲ್ಲ ಗುಳಿಯೂ ಒಂದೇ ಥರ ಇರೋದ್ರಿಂದ ಮೊದಲು ಯಾವ ಗುಳಿ ಎತ್ತಿದರೂ ಅಷ್ಟೇ ಸಿಗುತ್ತೆ ಅನ್ನೋದನ್ನೂ ಅವಳೇ ಗಮನಿಸಿದಳು. ಮೊದಲ ಆಟದಲ್ಲಿ 0 ಬದಲು 3 ಎತ್ತಿದ್ದರೂ 7ೇ ಸಿಗ್ತಿತ್ತು, ಇಡೀ ಚಿತ್ರ ಮೂರು ಗುಳಿ ಸರಿದು ನಿಲ್ಲುತ್ತಿತ್ತು ಅಷ್ಟೇ.

ಮನೇಲಿ ಮಾಡೋರಿಗೆ

ನಿಮ್ಮ ತಮ್ಮ ತಂಗಿಯರ ಜೊತೆ ಇದನ್ನು ಆಡ್ತೀರಿ ಅಂದ್ರೆ ನಾನು ಕಲಿತ ಮೂರು ಮಾತು. ಲೂಪ್, ಮಾಡ್ಯುಲೋ ಅನ್ನೋ ಪದಗಳನ್ನು ಮೊದಲೇ ತೆಗೀಬೇಡಿ. ನಾನು ಎರಡನೇ ದಿನವೇ "ಇದಕ್ಕೆ ವೈಲ್ ಲೂಪ್ ಅಂತಾರೆ ಗೊತ್ತಾ?" ಅಂದೆ, ತಂಗಿ ಎದ್ದು ಹೊರಟೇಬಿಟ್ಟಳು. ಅವರಾಗಿಯೇ ಲ್ಯಾಪ್‌ಟಾಪ್ ಕೇಳೋವರೆಗೆ ಸುಮ್ಮನಿರಿ. ಎರಡನೆಯದು, ಅವರು ಬೀಜ ಎತ್ತೋ ಮೊದಲು "ಎಷ್ಟು ಸಿಗುತ್ತೆ ಹೇಳು" ಅಂತ ಪಂದ್ಯ ಕಟ್ಟಿ. ಹೇಳಿದ್ದು ಸರಿಯಾದರೆ ತಲೆಯಲ್ಲಿ ಓಡಿಸ್ತಿದ್ದಾರೆ, ಅಂದಾಜು ಹೊಡೀತಿದ್ದರೆ ಮೂರು ಸಲ ಎತ್ತೋದಕ್ಕಿಂತ ಉದ್ದದ ಆಟದಲ್ಲಿ ಸಿಕ್ಕಿಬೀಳ್ತಾರೆ. ಮೂರನೆಯದು, ಈ ಆಟ ಎಲ್ಲವನ್ನೂ ಕಲಿಸಲ್ಲ. ತಂಗಿಗೆ ಬೀಜಗಣಿತದ ಸಮೀಕರಣ ಇನ್ನೂ ತೊಡಕೇ. ಅಪವರ್ತನ, ಶೇಷ, ಹೆಜ್ಜೆ ಹೆಜ್ಜೆಯಾಗಿ ಯೋಚಿಸೋದು, ಇಷ್ಟು ಬಂದಿದೆ.

ನನಗೆ ಏನು ಬಂತು ಅಂದ್ರೆ, ಈಗ ಔಟ್‌ಪುಟ್ ಪ್ರಶ್ನೆ ಬಂದರೆ ಪೇಪರ್ ಅಂಚಲ್ಲಿ ಸಣ್ಣ ಗುಳಿಗಳನ್ನು ಬರೀತೀನಿ, ಒಂದೊಂದು ವೇರಿಯಬಲ್‌ಗೆ ಒಂದೊಂದು.

ಹೊರಡೋ ದಿನ ತಂಗಿ ಒಂದು ಲೆಕ್ಕ ಕೊಟ್ಟು ಕಳಿಸಿದಳು, ಅದನ್ನು ನಿಮಗೂ ಕೊಡ್ತೀನಿ. ಗುಳಿಗೆ 4 ಬೀಜ ಇಟ್ಟು 0ಯಿಂದ ಶುರು ಮಾಡಿ. ಎಷ್ಟು ಸಲ ಎತ್ತಬೇಕಾಗುತ್ತೆ, ಎಷ್ಟು ಸಿಗುತ್ತೆ? ಮೊದಲು ಗಾಳಿಯಲ್ಲಿ, ಆಮೇಲೆ ಬೀಜದಲ್ಲಿ, ಕೊನೆಗೆ ಬೇಕಾದರೆ ಕೋಡಲ್ಲಿ. ಉತ್ತರ ಹೇಳಲ್ಲ. ಆಟ ಮುಗಿದಾಗ ಮಣೆ ಮೇಲೆ 50 ಬೀಜ ಉಳಿದಿದ್ದರೆ ನೀವು ಬಹುಶಃ ಸರಿ. ಉಳಿದಿಲ್ಲ ಅಂದ್ರೆ ಎಲ್ಲೋ ಒಂದು ಗುಳಿ ಹಾರಿಸಿದ್ದೀರಿ, ಮತ್ತೆ ಜೋಡಿಸಿ.